ಎತ್ತರ ಅಳೆಯಲಾಗದ ತ್ರಿಭುಜ: ಮೂರು ಬದಿಗಳಿಂದಲೇ ವಿಸ್ತೀರ್ಣ ತೆಗೆದ ನನ್ನ ಅನುಭವ

ನನ್ನ ಹತ್ತಿರ ಇದ್ದದ್ದು ಒಂದು ಉದ್ದನೆಯ ಟೇಪು, ಒಂದಷ್ಟು ಗೂಟಗಳು. ಅಳೆಯಬೇಕಾಗಿದ್ದದ್ದು ಮೂರು ಮೂಲೆಯ ಒಂದು ಜಾಗ. ಅದನ್ನು ಎರಡು ತುಂಡು ಮಾಡಿ ಒಂದರಲ್ಲಿ ಹುಲ್ಲು, ಇನ್ನೊಂದರಲ್ಲಿ ಗಿಡ ಹಾಕಬೇಕಿತ್ತು. ಹಾಗಾಗಿ ಎರಡರ ವಿಸ್ತೀರ್ಣವೂ ಬೇರೆ ಬೇರೆಯಾಗಿ ಬೇಕಿತ್ತು.

ಬದಿಗಳು 13, 20 ಮತ್ತು 21 ಮೀಟರ್. ಲೆಕ್ಕ ಹಿಂಬಾಲಿಸಲು ಸುಲಭವಾಗಲಿ ಅಂತ ಸೆಂಟಿಮೀಟರುಗಳನ್ನು ಇಲ್ಲಿ ಬಿಟ್ಟಿದ್ದೇನೆ. 13 ಮತ್ತು 21 ಸೇರುವ ಮೂಲೆಯಿಂದ ಹೊರಟು, 21ರ ಬದಿಯ ಮೇಲೆ 14 ಮೀಟರ್ ದೂರಕ್ಕೆ ಒಂದು ಗೂಟ ಹೊಡೆದೆ. ಅಲ್ಲಿಂದ ಎದುರಿನ ಮೂಲೆಗೆ ಟೇಪು ಎಳೆದರೆ 15 ಮೀಟರ್ ಬಂತು. ಈಗ ಎರಡು ತ್ರಿಭುಜ: ಒಂದು 13, 14, 15. ಇನ್ನೊಂದು 7, 15, 20.

ಪಾದ ಗುಣಿಸು ಎತ್ತರ, ಅದರ ಅರ್ಧ. ಇದು ಎಲ್ಲರಿಗೂ ಗೊತ್ತು. ಆದರೆ ಎತ್ತರ ಎಲ್ಲಿ? ಎದುರಿನ ಮೂಲೆಯಿಂದ ನೇರ ಲಂಬ ಇಳಿಯುವ ಜಾಗದಲ್ಲಿ ದೊಡ್ಡ ಮುಳ್ಳುಪೊದೆ. ಟೇಪು ಅದರೊಳಗೆ ಹೋಗುವುದಿಲ್ಲ. ಪೊದೆಯ ಪಕ್ಕದಿಂದ ಕಣ್ಣಂದಾಜಿನಲ್ಲಿ ಅಳೆದೆ. ಒಮ್ಮೆ ಹನ್ನೆರಡೂವರೆ ಅಂತ ಅನಿಸಿತು, ಇನ್ನೊಮ್ಮೆ ಹನ್ನೊಂದೂ ಮುಕ್ಕಾಲು. ಸರಿ, ಇದು ಆಗುವ ಕೆಲಸವಲ್ಲ ಅಂತ ಮೂರು ಬದಿಗಳ ಅಳತೆಯನ್ನಷ್ಟೇ ಬರೆದುಕೊಂಡು ವಾಪಸ್ ಬಂದೆ.

ಮೂರು ಬದಿ ಗೊತ್ತಿದ್ದರೆ ಹೆರಾನನ ಸೂತ್ರ ಇದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಸುತ್ತಳತೆಯ ಅರ್ಧವನ್ನು s ಅಂತ ಕರೆಯಿರಿ. ಆಮೇಲೆ:

```
A = √( s (s−a) (s−b) (s−c) )
```

ನೆನಪಿನಿಂದಲೇ ಹಾಕಿದೆ. 13, 14, 15ಕ್ಕೆ ಉತ್ತರ ಸುಮಾರು 960 ಚದರ ಮೀಟರ್ ಬಂತು! ಹದಿಮೂರು ಮೀಟರ್ ಬದಿಯ ಜಾಗ ಅಷ್ಟು ದೊಡ್ಡದಾಗಲು ಸಾಧ್ಯವೇ ಇಲ್ಲ. ಯಾವ ತ್ರಿಭುಜದ ವಿಸ್ತೀರ್ಣವೂ ಅದರ ಎರಡು ಬದಿಗಳ ಗುಣಲಬ್ಧದ ಅರ್ಧವನ್ನು ಮೀರುವುದಿಲ್ಲ. ಒಂದು ಬದಿಯನ್ನು ಪಾದ ಅಂದುಕೊಂಡರೆ, ಇನ್ನೊಂದು ಬದಿ ನೆಟ್ಟಗೆ ನಿಂತಾಗಲೇ ಎತ್ತರ ಅತಿ ಜಾಸ್ತಿ, ಅಲ್ವಾ? ಇಲ್ಲಿ 13 × 14ರ ಅರ್ಧ 91. ಅದಕ್ಕಿಂತ ಹೆಚ್ಚು ಬಂದರೆ ಎಲ್ಲೋ ತಪ್ಪಿದೆ ಅಂತಲೇ ಅರ್ಥ. ನಾನು ಸುತ್ತಳತೆ 42ನ್ನು ಅರ್ಧ ಮಾಡದೆ ಹಾಗೇ s ಅಂತ ಹಾಕಿದ್ದೆ.

ಬಾಯಿಪಾಠದ ಸೂತ್ರದ ತೊಂದರೆಯೇ ಇದು. ಅರ್ಧ ಯಾಕೆ ಮಾಡಬೇಕು ಅಂತ ಗೊತ್ತಿಲ್ಲದಿದ್ದರೆ ಅರ್ಧ ಮಾಡಿದ್ದೂ ಮರೆಯುತ್ತದೆ, ಬಿಟ್ಟದ್ದೂ ಮರೆಯುತ್ತದೆ. ಹಾಗಾಗಿ ಸೂತ್ರವನ್ನು ಪಕ್ಕಕ್ಕಿಟ್ಟು, ಪೊದೆಯೊಳಗಿನ ಎತ್ತರವನ್ನು ಕಾಗದದ ಮೇಲೆ ಹುಡುಕಲು ಕೂತೆ.

ಪಾದ 14. ಲಂಬ ಇಳಿಯುವ ಬಿಂದು ಮೂಲೆಯಿಂದ x ದೂರದಲ್ಲಿದೆ ಅಂತ ಇಟ್ಟುಕೊಂಡೆ. ಎತ್ತರ h. ಲಂಬದ ಎರಡೂ ಕಡೆ ಒಂದೊಂದು ಲಂಬಕೋನ ತ್ರಿಭುಜ. ಪೈಥಾಗೊರಸ್ ಪ್ರಮೇಯವನ್ನು ಎರಡು ಕಡೆಗೂ ಹಾಕಿದರೆ ಒಂದೇ h² ಎರಡು ರೀತಿಯಲ್ಲಿ ಸಿಗುತ್ತದೆ:

```
h² = 13² − x²
h² = 15² − (14−x)²
```

ಎರಡನ್ನೂ ಸಮ ಮಾಡಿದರೆ x² ತಾನಾಗಿ ಹೊಡೆದುಹೋಗುತ್ತದೆ. ಉಳಿಯುವುದು 28x = 140, ಅಂದರೆ x = 5. ಆಗ h² = 169 − 25 = 144, h = 12. ವಿಸ್ತೀರ್ಣ 14 × 12ರ ಅರ್ಧ, 84 ಚದರ ಮೀಟರ್.

ಎರಡನೇ ತ್ರಿಭುಜಕ್ಕೆ 7ನ್ನು ಪಾದ ಮಾಡಿಕೊಂಡು, x ಅನ್ನು ಗೂಟದಿಂದ ಅಳೆದೆ. ಈ ಸಲ x = −9 ಬಂತು. ಮೊದಲು ಗಾಬರಿಯಾಯಿತು. ದೂರ ಋಣಸಂಖ್ಯೆ ಹೇಗಾಗುತ್ತದೆ? ಚಿತ್ರ ನೋಡಿದಾಗ ನಗು ಬಂತು. ಈ ತ್ರಿಭುಜದಲ್ಲಿ ಗೂಟದ ಹತ್ತಿರದ ಕೋನ ವಿಶಾಲಕೋನ. ಲಂಬ ಪಾದದ ಮೇಲೆ ಬೀಳುವುದೇ ಇಲ್ಲ, ಗೂಟದಿಂದ 9 ಮೀಟರ್ ಹಿಂದಕ್ಕೆ ಬೀಳುತ್ತದೆ. ಗೂಟ ಇರುವುದು 14ರಲ್ಲಿ. 14ರಿಂದ 9 ಕಳೆದರೆ 5. ಅದೇ ಪೊದೆ, ಅದೇ ಬಿಂದು! ಎತ್ತರವೂ ಅದೇ 12. ವಿಸ್ತೀರ್ಣ 7 × 12ರ ಅರ್ಧ, 42. ಲಂಬ ಒಳಗೆ ಬಿದ್ದರೂ ಹೊರಗೆ ಬಿದ್ದರೂ ಲೆಕ್ಕದಲ್ಲಿ ಏನೂ ಬದಲಾಗುವುದಿಲ್ಲ ಅಂತ ಆಗ ತಿಳಿಯಿತು. ಎತ್ತರಕ್ಕೆ ಬೇಕಾದದ್ದು x². ಗುರುತು ಅಲ್ಲಿ ಮಾಯವಾಗುತ್ತದೆ.

ಇಷ್ಟಾದ ಮೇಲೆ ಅನಿಸಿತು: ಪ್ರತಿ ಸಲ x ಹುಡುಕುವುದು ಯಾಕೆ? ಅಂಕಿಗಳ ಜಾಗದಲ್ಲಿ ಅಕ್ಷರ ಹಾಕಿ ಒಂದೇ ಸಲ ಮುಗಿಸೋಣ. ಪಾದ c, x ಇರುವ ಕಡೆಯ ಬದಿ b, ಇನ್ನೊಂದು ಕಡೆಯದು a. ಮೇಲಿನ ಹೆಜ್ಜೆಗಳನ್ನೇ ಮತ್ತೆ ಮಾಡಿದರೆ

```
x = (b² + c² − a²) / 2c
```

ಮುಂದಿನ ಹೆಜ್ಜೆಯಲ್ಲೇ ಇಡೀ ಸೂತ್ರದ ಗುಟ್ಟಿದೆ. h² = b² − x² ಅನ್ನೋದು ಎರಡು ವರ್ಗಗಳ ವ್ಯತ್ಯಾಸ. ಅದನ್ನು (b + x)(b − x) ಅಂತ ಒಡೆಯಬಹುದು. ಎರಡೂ ತುಂಡನ್ನು 2cಯಿಂದ ಗುಣಿಸಿ, x ಬೆಲೆ ಹಾಕಿ:

```
2c(b + x) = (b+c)² − a²
2c(b − x) = a² − (b−c)²
```

ನೋಡಿ, ಎರಡೂ ಮತ್ತೆ ವರ್ಗಗಳ ವ್ಯತ್ಯಾಸವೇ! ಇನ್ನೊಮ್ಮೆ ಒಡೆದರೆ ನಾಲ್ಕು ತುಂಡು. ಎಡಗಡೆಯ ಎರಡನ್ನೂ ಗುಣಿಸಿದರೆ 4c²h² ಬರುತ್ತದೆ. ವಿಸ್ತೀರ್ಣ A ಅಂದರೆ ch/2 ಆದ್ದರಿಂದ 4c²h² ಅಂದರೆ 16A². ಹಾಗಾಗಿ

```
16A² = (a+b+c)(b+c−a)(a+c−b)(a+b−c)
```

ನನಗೆ ಕೇಳಿದರೆ ಸೂತ್ರದ ನಿಜವಾದ ರೂಪ ಇದೇ. s ಬಂದಿರುವುದು ಆ 16ನ್ನು ಓಡಿಸಲಿಕ್ಕೆ ಮಾತ್ರ. ಮೊದಲ ತುಂಡು 2s. b+c−a ಅಂದರೆ ಪೂರ್ತಿ ಸುತ್ತಳತೆಯಲ್ಲಿ ಎರಡು a ಕಡಿಮೆ, ಅಂದರೆ 2(s−a). ಉಳಿದೆರಡೂ ಹಾಗೇ. ನಾಲ್ಕು ತುಂಡಿನಿಂದ ನಾಲ್ಕು 2 ಹೊರಬಂದರೆ 16. ಎರಡೂ ಕಡೆಯ 16 ಹೊಡೆದುಹೋಯಿತು. ನಾನು ಮರೆತಿದ್ದ ಅರ್ಧ ಇಲ್ಲಿತ್ತು.

ಆ ತುಂಡುಗಳು ಸುಮ್ನೆ ಬಂದವಲ್ಲ. b ಮತ್ತು c ಸೇರಿ aಯಷ್ಟೇ ಉದ್ದ ಇದ್ದರೆ ತ್ರಿಭುಜ ಚಪ್ಪಟೆಯಾಗಿ ಗೆರೆಯಾಗುತ್ತದೆ. ವಿಸ್ತೀರ್ಣ ಸೊನ್ನೆ. ಆಗ s−a ಕೂಡ ಸೊನ್ನೆ. ಮೂರು ಬದಿಗಳಲ್ಲಿ ಯಾವುದು ಬೇಕಾದರೂ ಹೀಗೆ ಚಪ್ಪಟೆ ಮಾಡಬಹುದು, ಅದಕ್ಕೇ ಅಂಥ ಮೂರು ತುಂಡು. b ಮತ್ತು c ಸೇರಿಯೂ aಗಿಂತ ಕಡಿಮೆಯಾದರೆ s−a ಋಣವಾಗಿ, ವರ್ಗಮೂಲ ತೆಗೆಯಲು ಆಗುವುದಿಲ್ಲ. ನೆಲದ ಮೇಲೆ ಅಂಥ ಮೂರು ಬದಿಗಳು ಕೂಡಿಕೊಳ್ಳುವುದೂ ಇಲ್ಲ. ಒಮ್ಮೆ 24 ಅನ್ನುವುದನ್ನು ಅವಸರದಲ್ಲಿ 42 ಅಂತ ಬರೆದುಕೊಂಡಿದ್ದೆ. ಕ್ಯಾಲ್ಕುಲೇಟರ್ ಎರರ್ ತೋರಿಸಿದ್ದರಿಂದಲೇ ತಪ್ಪು ಸಿಕ್ಕಿತು.

ಈಗ ನನ್ನ ಎರಡು ತುಂಡುಗಳನ್ನು ಸೂತ್ರದಲ್ಲಿ ಹಾಕಿ ನೋಡಿ. 13, 14, 15ರ ಸುತ್ತಳತೆ 42. 7, 15, 20ರದ್ದೂ 42. ಎರಡಕ್ಕೂ s = 21. ಬೇಲಿ ಹಾಕಿದರೆ ಎರಡಕ್ಕೂ ಒಂದೇ ಉದ್ದದ ತಂತಿ ಬೇಕು. ಆದರೆ ಮೊದಲನೆಯದಕ್ಕೆ 21 × 8 × 7 × 6 = 7056, ವರ್ಗಮೂಲ 84. ಎರಡನೆಯದಕ್ಕೆ 21 × 14 × 6 × 1 = 1764, ವರ್ಗಮೂಲ 42. ಆ ಕೊನೆಯ 1 ಇದೆಯಲ್ಲ, ಅದೇ ಕಾರಣ. 7 ಮತ್ತು 15 ಸೇರಿದರೆ 22, ಎದುರಿನ ಬದಿ 20. ಸ್ವಲ್ಪದರಲ್ಲೇ ಚಪ್ಪಟೆಯಾಗುವ ತ್ರಿಭುಜ ಅದು.

ಗುಣಿಸುವ ಮೊದಲು ನಾನು ಈಗ ಒಂದು ಚಿಕ್ಕ ಪರೀಕ್ಷೆ ಮಾಡುತ್ತೇನೆ. ಮೂರು ವ್ಯತ್ಯಾಸಗಳನ್ನು ಕೂಡಿದರೆ s ಬರಲೇಬೇಕು. 8 + 7 + 6 = 21, 14 + 6 + 1 = 21. ಅಂದು ಇದನ್ನು ಮಾಡಿದ್ದರೆ 29 + 28 + 27 = 84 ಬಂದು, ಅದು 42 ಅಲ್ಲ ಅಂತ ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಇನ್ನು ಇಡೀ ಜಾಗ: 13, 20, 21ಕ್ಕೆ s = 27, ಒಳಗಿನ ಗುಣಲಬ್ಧ 27 × 14 × 7 × 6 = 15876, ವರ್ಗಮೂಲ 126. 84ಕ್ಕೆ 42 ಕೂಡಿದರೂ 126. ಇಡೀ ಜಾಗದ ಲೆಕ್ಕಕ್ಕೆ ಆ 15 ಮೀಟರ್ ಅಳತೆ ಬೇಕಾಗಿಯೇ ಇರಲಿಲ್ಲ. ಹಾಗಾಗಿ ಎರಡು ದಾರಿಯ ಉತ್ತರ ಕೂಡಿಬಂತು ಅಂದರೆ ಟೇಪು ಕೂಡ ಸರಿಯಾಗಿಯೇ ಓದಿದ್ದೇನೆ ಅಂತ ಅರ್ಥ.

ಹೆಸರಿನ ಬಗ್ಗೆ ಒಂದು ಮಾತು. ಹೆರಾನ್ ಸುಮಾರು 1ನೇ ಶತಮಾನದ ಅಲೆಕ್ಸಾಂಡ್ರಿಯಾದವನು. 628ರಲ್ಲಿ ಬ್ರಹ್ಮಗುಪ್ತ ನಾಲ್ಕು ಬದಿಗಳಿಗೆ ಇದೇ ತರಹದ ಸೂತ್ರ ಕೊಟ್ಟ. ನಾಲ್ಕೂ ಮೂಲೆಗಳು ಒಂದೇ ವೃತ್ತದ ಮೇಲಿದ್ದರೆ ಮಾತ್ರ ಅದು ನಡೆಯುತ್ತದೆ. ಅದರಲ್ಲಿ ಒಂದು ಬದಿಯನ್ನು ಸೊನ್ನೆ ಮಾಡಿದರೆ ನಮ್ಮ ಸೂತ್ರವೇ ಉಳಿಯುತ್ತದೆ. ಬೇರೆ ನಾಲ್ಕು ಮೂಲೆಯ ಜಾಗಕ್ಕೆ ಬದಿಗಳಷ್ಟೇ ಸಾಲುವುದಿಲ್ಲ, ಒಂದು ಕರ್ಣವನ್ನೂ ಅಳೆದು ಎರಡು ತ್ರಿಭುಜ ಮಾಡಿಕೊಳ್ಳಬೇಕು.

ಸೂತ್ರ ನನಗೆ ಕೈಕೊಟ್ಟದ್ದು ಆಮೇಲೆ, ಇನ್ನೊಂದು ಜಾಗದಲ್ಲಿ. ಉದ್ದನೆಯ, ತೆಳ್ಳನೆಯ ಪಟ್ಟಿ. ಬದಿಗಳು 50, 30.1, 20 ಮೀಟರ್. s = 50.05, ವಿಸ್ತೀರ್ಣ 38.7 ಚದರ ಮೀಟರ್ ಬಂತು. ಅನುಮಾನ ಬಂದು ಮತ್ತೆ ಅಳೆದೆ. ಮಧ್ಯದ ಬದಿ ಈ ಸಲ 30.12. ಬರೀ ಎರಡು ಸೆಂಟಿಮೀಟರ್ ಹೆಚ್ಚು. ವಿಸ್ತೀರ್ಣ ಮಾತ್ರ 42.4ಕ್ಕೆ ಹಾರಿತು! 13, 14, 15ರಲ್ಲಿ 14ನ್ನು 14.02 ಮಾಡಿ ನೋಡಿದರೆ 84 ಇದ್ದದ್ದು 84.08 ಆಗುತ್ತದೆ, ಅಷ್ಟೇ.

ತಪ್ಪು ಸೂತ್ರದ್ದಲ್ಲ. ಪಟ್ಟಿಯಲ್ಲಿ s−a ಅಂದರೆ 0.05, ಬರೀ ಐದು ಸೆಂಟಿಮೀಟರ್. ಬದಿ ಎರಡು ಸೆಂಟಿಮೀಟರ್ ಬೆಳೆದರೆ ಅದು ಆರಾಗುತ್ತದೆ. ಐದಕ್ಕೆ ಒಂದು ಅಂದರೆ ನೂರಕ್ಕೆ ಇಪ್ಪತ್ತು. ವರ್ಗಮೂಲ ಅದನ್ನು ಸುಮಾರು ಅರ್ಧಕ್ಕೆ ಇಳಿಸಿದರೂ ನೂರಕ್ಕೆ ಹತ್ತರಷ್ಟು ತಪ್ಪು ಉಳಿಯುತ್ತದೆ. ಟೇಪು ಸ್ವಲ್ಪ ಜೋತುಬಿದ್ದರೂ ಅಷ್ಟು ವ್ಯತ್ಯಾಸ ಬರುತ್ತದೆ. ಹಾಗಾಗಿ ಮೂರು ವ್ಯತ್ಯಾಸಗಳಲ್ಲಿ ಒಂದು ಉಳಿದವುಗಳ ಮುಂದೆ ತೀರಾ ಚಿಕ್ಕದಾಗಿ ಕಂಡರೆ ಆ ಉತ್ತರವನ್ನು ನಾನು ನಂಬುವುದಿಲ್ಲ.

ಅಂಥ ಜಾಗದಲ್ಲಿ ಎತ್ತರವನ್ನೇ ಅಳೆಯುವುದು ವಾಸಿ. ಈ ಪಟ್ಟಿಯ ಎತ್ತರ ಒಂದೂವರೆ ಮೀಟರಿನ ಆಸುಪಾಸು. ಮೂಲೆಯಲ್ಲಿ ಟೇಪಿನ ತುದಿ ಹಿಡಿದು, ಇನ್ನೊಂದು ಕಡೆಯನ್ನು 50ರ ಬದಿಯ ಮೇಲೆ ಅತ್ತಿತ್ತ ಆಡಿಸಿದರೆ, ಅತಿ ಕಡಿಮೆ ಅಳತೆ ಎಲ್ಲಿ ಬರುತ್ತದೋ ಅದೇ ಲಂಬ. ಅಲ್ಲಿ ಎರಡು ಸೆಂಟಿಮೀಟರ್ ತಪ್ಪಿದರೂ ವಿಸ್ತೀರ್ಣ ತಪ್ಪುವುದು ಅರ್ಧ ಚದರ ಮೀಟರ್ ಮಾತ್ರ. ಪುಣ್ಯಕ್ಕೆ ಆ ಪಟ್ಟಿಯಲ್ಲಿ ಪೊದೆ ಇರಲಿಲ್ಲ.