ಗಲ್ಲಿ ಕಸಕ್ಕೆ ಯಾವ ಗಾಡಿ? ಟನ್ನಿನ ಲೆಕ್ಕದಲ್ಲಿ ನನಗೆ ಸಿಕ್ಕ ಉತ್ತರ

ಮುನ್ನೂರು ಮನೆಗಳ ಇಕ್ಕಟ್ಟಾದ ಗಲ್ಲಿಗಳ ಕಸಕ್ಕೆ ಗಾಡಿ ಆರಿಸುವ ಕೆಲಸ ನನ್ನದಾಗಿತ್ತು. ಮೊದಲು ಟೇಪು ಹಿಡಿದು ಅಗಲ ಅಳೆದೆ. ಗೋಡೆಯಿಂದ ಗೋಡೆಗೆ ಅಳೆದರೆ ಸಾಲದು. ಮೆಟ್ಟಿಲು, ಚರಂಡಿ, ನಿಲ್ಲಿಸಿದ ಬೈಕು ಬಿಟ್ಟು ಉಳಿಯೋದೇ ನಿಜವಾದ ದಾರಿ. ಎಷ್ಟೋ ಕಡೆ ಅದು ಒಂದೂವರೆ ಮೀಟರ್ ದಾಟಲಿಲ್ಲ. ಕಸವನ್ನು ಒತ್ತಿ ತುಂಬಿಕೊಳ್ಳುವ ದೊಡ್ಡ ಲಾರಿ ಕಾಂಪ್ಯಾಕ್ಟರ್. ಅದರ ಅಗಲವೇ ಸುಮಾರು ಎರಡೂವರೆ ಮೀಟರ್, ಹಾಗಾಗಿ ಅದು ಮುಖ್ಯರಸ್ತೆಯಲ್ಲೇ ನಿಲ್ಲಬೇಕು. ಉಳಿದಿದ್ದು ಗಲ್ಲಿಯ ಕಸವನ್ನು ಅಲ್ಲಿಯವರೆಗೆ ಒಯ್ಯೋಕೆ ಸೈಕಲ್ ಗಾಡಿಯೋ ಬ್ಯಾಟರಿ ಗಾಡಿಯೋ ಅನ್ನುವ ಪ್ರಶ್ನೆ.

ಆಮೇಲೆ ತೂಕ. ಗಾಡಿಯ ಕಾಗದದಲ್ಲಿ ಬರೆದ ಭಾರವನ್ನು ನಾನು ಲೆಕ್ಕಕ್ಕೆ ತಗೊಳ್ಳಲ್ಲ. ಒಣ ಕಸ ಹಗುರ, ತೂಕ ತುಂಬೋ ಮೊದಲೇ ಜಾಗ ತುಂಬುತ್ತೆ. ತುಂಬಿದ ಗಾಡಿಗಳನ್ನೇ ತಕ್ಕಡಿಗೆ ಹತ್ತಿಸಿದಾಗ ಸೈಕಲ್ ಗಾಡಿಗೆ 150 ಕಿಲೋ, ಬ್ಯಾಟರಿ ಗಾಡಿಗೆ 300 ಕಿಲೋ ಬಂತು. ಮನೆಗೆ 2 ಕಿಲೋದಂತೆ ದಿನದ ಕಸ 600 ಕಿಲೋ.

ಖರ್ಚನ್ನು ಒಬ್ಬರ ದಿನಗೂಲಿಯಲ್ಲಿ ಅಳೆದೆ. ಬೆಲೆ ಏರಿದರೂ ಹೋಲಿಕೆ ಅಷ್ಟಾಗಿ ಕೆಡಲ್ಲ. ಗಾಡಿಯ ಸವಕಳಿ, ರಿಪೇರಿ ಸೇರಿಸಿ ಸೈಕಲ್ ಗಾಡಿಗೆ ದಿನಕ್ಕೆ 1.1 ಕೂಲಿ. ಬ್ಯಾಟರಿ ಗಾಡಿಗೆ ಕರೆಂಟು, ಬ್ಯಾಟರಿ ಬದಲಿಸೋ ಖರ್ಚೂ ಸೇರಿ 1.45. ಎರಡಕ್ಕೂ ಒಬ್ಬರೇ ಕೆಲಸಗಾರರು, ಮನೆಗೆ ಒಂದು ನಿಮಿಷ.

ಕಾಂಪ್ಯಾಕ್ಟರ್ ನಿಲ್ಲೋ ಜಾಗ 400 ಮೀಟರ್ ದೂರ ಇದ್ದರೆ, ಸೈಕಲ್ ಗಾಡಿ ಎಂಟು ಗಂಟೆಯೊಳಗೆ ನಾಲ್ಕು ಟ್ರಿಪ್ ಮುಗಿಸುತ್ತೆ. 1.1 ಅನ್ನು 0.6 ಟನ್ನಿಂದ ಭಾಗಿಸಿದರೆ ಟನ್ನಿಗೆ 1.83 ಕೂಲಿ. ಅದೇ ಜಾಗ 2 ಕಿಲೋಮೀಟರ್ ಆಚೆ ಇದ್ದರೆ ಮೂರೇ ಟ್ರಿಪ್, 450 ಕಿಲೋ, ಟನ್ನಿಗೆ 2.44. ಉಳಿದ 150 ಕಿಲೋ ಕಸ ಮನೆಗಳಲ್ಲೇ ಕೂರುತ್ತೆ. ಬ್ಯಾಟರಿ ಗಾಡಿ ಎರಡು ದೂರಕ್ಕೂ ಎರಡೇ ಟ್ರಿಪ್ ಹೊಡೆದು 600 ಕಿಲೋ ತರುತ್ತೆ, ಟನ್ನಿಗೆ ಸುಮಾರು 2.42. ಹೊಸ ಗಾಡಿಗಿಂತ ಹತ್ತಿರದ ಜಾಗ ಹುಡುಕೋದೇ ಜಾಸ್ತಿ ಉಳಿತಾಯ ಅಲ್ವಾ? ನಾನೂ ಮೊದಲು ಜಾಗಕ್ಕೇ ಓಡಾಡಿದೆ.

ಆದರೆ ಏರು ದಾರಿ ಇದ್ದಲ್ಲಿ ಈ ಲೆಕ್ಕ ನಿಲ್ಲಲ್ಲ. ತುಂಬಿದ ಸೈಕಲ್ ಗಾಡಿಯನ್ನು ಏರಿನಲ್ಲಿ ಇಳಿದು ತಳ್ಳೋರ ಮೊಣಕಾಲಿಗೆ ಲೆಕ್ಕದ ಹಾಳೆಯಲ್ಲಿ ಜಾಗವೇ ಇಲ್ಲ. ಅಂಥ ಗಲ್ಲಿಗಳಿಗೆ ನಾನು ಬ್ಯಾಟರಿ ಗಾಡಿಯನ್ನೇ ಕೇಳಿದೆ. ಅದರ ಬ್ಯಾಟರಿ ಹಳತಾದದ್ದು ಎರಡನೇ ಟ್ರಿಪ್ಪಿನ ಏರಿನಲ್ಲಿ ಗೊತ್ತಾಗುತ್ತೆ. ಖಾಲಿ ಇದ್ದಾಗ ಚೆನ್ನಾಗಿ ಓಡುವ ಗಾಡಿ, ತುಂಬಿದಾಗ ಉಸಿರು ಕಟ್ಟಿದಂತೆ ನಿಧಾನವಾಗುತ್ತೆ.

ಕಾಂಪ್ಯಾಕ್ಟರ್ ಖರ್ಚನ್ನು ಬೇರೆಯಾಗಿ ಬರೆದು ಕೊನೆಗೆ ಕೂಡಿಸಬೇಕು. ಅದರ ದಿನದ ಖರ್ಚು 8 ಕೂಲಿ ಅಂದುಕೊಳ್ಳಿ. 8 ಟನ್ ಒಯ್ದರೆ ಟನ್ನಿಗೆ 1, ಅರ್ಧ ತುಂಬಿ ಹೋದರೆ 2. ಹಸಿ ಕಸ ಮೊದಲೇ ಒತ್ತಾಗಿರುತ್ತೆ, ಅದನ್ನು ಒತ್ತಿ ಸಿಗೋ ಲಾಭ ಕಡಿಮೆ. ಒತ್ತಿದಷ್ಟೂ ರಸ ಮಾತ್ರ ರಸ್ತೆಗೆ ಸೋರುತ್ತೆ. ಕಾಂಪ್ಯಾಕ್ಟರ್ ಅರ್ಧ ತುಂಬಿ ಹೋಗಬಾರದು ಅಂತಲೇ, ಗಾಡಿಗಳು ಬರೋ ಹೊತ್ತನ್ನು ಅದರ ಹೊತ್ತಿಗೆ ಹೊಂದಿಸಿದ ಮೇಲೆಯೇ ನಾನು ಟನ್ನಿನ ಒಟ್ಟು ಖರ್ಚು ಬರೆಯೋದು.