ಫ್ಲೂ ಜ್ವರದಲ್ಲಿ ಅಮ್ಮನಿಗೆ ಉಣಿಸಿದ ಬಗೆ: ನನ್ನ ಅನುಭವ

ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆಯೂ ಇರುವ ನನ್ನ ತಾಯಿಗೆ ಕಳೆದ ಮಳೆಗಾಲದಲ್ಲಿ ಫ್ಲೂ ಬಂದಾಗ ಮನೆಯಲ್ಲಿ ಎರಡು ಪಕ್ಷಗಳಾದವು. ಜ್ವರಕ್ಕೆ ಲಂಘನವೇ ಮದ್ದು ಎಂದು ದೊಡ್ಡಮ್ಮ ಪಟ್ಟು ಹಿಡಿದರೆ, ಹೊಟ್ಟೆ ತುಂಬ ಉಣ್ಣದಿದ್ದರೆ ಎದ್ದು ನಿಲ್ಲುವುದಾದರೂ ಹೇಗೆ ಎಂದು ಅಣ್ಣ ಗದರುತ್ತಿದ್ದ. ಎರಡು ಮೂರು ದಿನ ಗಟ್ಟಿ ಆಹಾರ ಸೇರದಿದ್ದರೂ ಚಿಂತೆಯಿಲ್ಲ, ನೀರಿನಂಶ ಮತ್ತು ಸಕ್ಕರೆಯ ಮಟ್ಟ ಮಾತ್ರ ತಪ್ಪಬಾರದು ಎಂಬ ನನ್ನ ಮಾತನ್ನು ಇಬ್ಬರೂ ನಂಬಲಿಲ್ಲ. ಕೊನೆಗೆ ಅಮ್ಮ ಡ್ರಿಪ್ ಹಾಕಿಸಿಕೊಳ್ಳದೆ ಮನೆಯಲ್ಲೇ ಚೇತರಿಸಿಕೊಂಡದ್ದರಿಂದ ಇದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲೆರಡು ದಿನಗಳಲ್ಲಿ ಅಣ್ಣ ತಂದ ಪೌಷ್ಟಿಕ ಪುಡಿಯ ಡಬ್ಬ, ಪೊಟ್ಟಣದ ಹಣ್ಣಿನ ರಸ, ಸೇಬು ಎಲ್ಲ ಸೇರಿ ಒಂದೂವರೆ ಸಾವಿರ ರೂಪಾಯಿಯಷ್ಟಾಗಿರಬೇಕು. ಹಾಲಿನಲ್ಲಿ ಕಲಸಿದ ಪುಡಿ ಕುಡಿದ ಕೂಡಲೇ ವಾಂತಿಯಾಯಿತು. ಹಣ್ಣಿನ ರಸದಿಂದ ಸಕ್ಕರೆ ಮುನ್ನೂರರ ಹತ್ತಿರ ಹೋಯಿತು. ಇಡ್ಲಿಯ ಎರಡನೆಯ ತುತ್ತು ಬಾಯಲ್ಲೇ ಉಳಿಯಿತು. ವೈದ್ಯರು ಫ್ಲೂಗೆಂದು ಕೊಟ್ಟಿದ್ದ ಒಸೆಲ್ಟಾಮಿವಿರ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಅದನ್ನು ಗಂಜಿಯ ನಂತರ ಕೊಡತೊಡಗಿದಾಗ ಅರ್ಧ ವಾಕರಿಕೆ ತಾನಾಗಿ ಇಳಿಯಿತು.

ಕೆಲಸಕ್ಕೆ ಬಂದದ್ದು ಹೊತ್ತಿನ ಆಯ್ಕೆ. ಪ್ಯಾರಸಿಟಮಾಲ್ ಕೊಟ್ಟು ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಕಳೆದ ಮೇಲೆ ಜ್ವರ ಇಳಿದು ಮೈ ಹಗುರಾಗುತ್ತದೆ. ಆಗ ಸಿಗುವ ಒಂದು ಗಂಟೆಯಲ್ಲೇ ಏನಾದರೂ ಒಳಗೆ ಹೋಗಬೇಕು. ಜ್ವರ ಮತ್ತೆ ಏರಿದ ಮೇಲೆ ಬಲವಂತ ಮಾಡಿದರೆ ಪ್ರಯೋಜನವಿಲ್ಲ. ಆ ಹೊತ್ತಿಗೆ ಸರಿಯಾಗಿ ಫ್ಲಾಸ್ಕಿನಲ್ಲಿ ಗಂಜಿ ಸಿದ್ಧವಿರುತ್ತಿತ್ತು: ಒಂದು ಪಾಲು ಅಕ್ಕಿನುಚ್ಚಿಗೆ ಒಂದು ಹಿಡಿ ಹುರಿದ ಹೆಸರುಬೇಳೆ, ಸುಮಾರು ಹತ್ತು ಪಾಲು ನೀರು, ಉಪ್ಪು. ಒಮ್ಮೆಗೆ ಕಾಲು ಲೋಟ ಸಾಕು. ನಡುನಡುವೆ ತಿಳಿ ಮಜ್ಜಿಗೆಯನ್ನೋ ಮೆಣಸಿನ ಸಾರನ್ನೋ ಐದು ಹತ್ತು ನಿಮಿಷಕ್ಕೊಮ್ಮೆ ಎರಡೆರಡು ಚಮಚ ಕುಡಿಸುತ್ತಿದ್ದೆ. ಸಾರಿನ ಪುಡಿಯ ಅಳತೆ ನಮ್ಮ ಅಜ್ಜಿಯದು. ಅದನ್ನು ಇಲ್ಲಿ ಬರೆಯುವುದಿಲ್ಲ. ವಾಂತಿಯಾದ ದಿನ ಮಾತ್ರ ಓಆರ್‌ಎಸ್ ಕೊಟ್ಟೆ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕಲಸಬೇಕು, ಲೋಟಕ್ಕೆ ಅಂದಾಜಿನಲ್ಲಿ ಉದುರಿಸಬಾರದು; ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿರುವವರು ಎಷ್ಟು ಕುಡಿಯಬೇಕೆಂದು ಮೊದಲು ವೈದ್ಯರನ್ನು ಕೇಳಬೇಕು.

ಬಾಯಿ ಕಹಿ ಎಂಬ ದೂರಿಗೆ ಕೆಲವನ್ನು ಪರೀಕ್ಷಿಸಿ ನೋಡಿದೆ. ಮೂಗು ಕಟ್ಟಿದಾಗ ರುಚಿಯ ಬಹುಪಾಲು ಹೊರಟುಹೋಗುವುದರಿಂದ, ಊಟಕ್ಕೆ ಮುಂಚೆ ಹಬೆ ತೆಗೆದುಕೊಂಡ ದಿನ ಗಂಜಿ ಹೆಚ್ಚು ಇಳಿಯಿತು. ಗಂಜಿಯ ಮೇಲೆ ನಿಂಬೆ ಉಪ್ಪಿನಕಾಯಿಯ ರಸ ಬಿಟ್ಟದ್ದು ಬೇರೆಲ್ಲಕ್ಕಿಂತ ಚೆನ್ನಾಗಿ ಹಿಡಿಸಿತು. ರಾಗಿ ಅಂಬಲಿ ಮೊದಲು ಸೇರಲೇ ಇಲ್ಲ, ಜ್ವರ ಬಿಟ್ಟ ಮೇಲೆ ತಾವೇ ಕೇಳಿ ಕುಡಿದರು.

ನಾನು ನಿಜವಾಗಿ ಹೆದರಿದ್ದು ಒಂದೇ ಸಂಜೆ. ಅಮ್ಮನ ಹಣೆ, ಕುತ್ತಿಗೆ ಎಲ್ಲ ಬೆವರಿ ತಣ್ಣಗಾಗಿದ್ದವು. ಜ್ವರ ಬಿಡುತ್ತಿದೆ ಎಂದು ದೊಡ್ಡಮ್ಮ ಸಂತೋಷಪಟ್ಟರು. ಆದರೆ ಪ್ಯಾರಸಿಟಮಾಲ್ ಕೊಟ್ಟು ಬಹಳ ಹೊತ್ತಾಗಿತ್ತು, ಕೈ ನಡುಗುತ್ತಿತ್ತು, ಕೇಳಿದ್ದಕ್ಕೆ ಉತ್ತರ ತಡವಾಗಿ ಬರುತ್ತಿತ್ತು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಅರವತ್ತರ ಆಸುಪಾಸಿನಲ್ಲಿತ್ತು. ಅವರು ಸಕ್ಕರೆ ಕಾಯಿಲೆಗೆ ನುಂಗುವ ಗ್ಲಿಮೆಪಿರೈಡ್ ಮಾತ್ರೆ ಊಟವಿರಲಿ ಬಿಡಲಿ ಸಕ್ಕರೆಯನ್ನು ಇಳಿಸುತ್ತದೆ. ಎಚ್ಚರವಾಗಿದ್ದು ನುಂಗಬಲ್ಲವರಾಗಿದ್ದರಿಂದ ಅರ್ಧ ಲೋಟ ನೀರಿಗೆ ಮೂರು ಟೀ ಚಮಚ ಸಕ್ಕರೆ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದಾಗ ನೂರರ ಹತ್ತಿರ ಬಂದಿತ್ತು. ನಂತರ ಗಂಜಿ ಕೊಟ್ಟೆ. ಊಟ ಸರಿಹೋಗುವವರೆಗೆ ಆ ಮಾತ್ರೆಯನ್ನು ನಿಲ್ಲಿಸಲು ವೈದ್ಯರು ಫೋನಿನಲ್ಲಿ ಹೇಳಿದರು. ಬೆರಳು ಚುಚ್ಚಿ ಸಕ್ಕರೆ ನೋಡುವ ಒಂದು ಸ್ಟ್ರಿಪ್ಪಿಗೆ ಇಪ್ಪತ್ತು ರೂಪಾಯಿ ಚಿಲ್ಲರೆ ಬಿದ್ದಿತ್ತು. ಆ ವಾರ ನಾವು ಮಾಡಿದ ಖರ್ಚಿನಲ್ಲಿ ಅಷ್ಟು ಸಾರ್ಥಕವಾದದ್ದು ಬೇರೊಂದಿಲ್ಲ. ಮಧುಮೇಹಿಗಳು ಜ್ವರ ಬಂದ ಮೊದಲ ದಿನವೇ ತಮ್ಮ ಮಾತ್ರೆಗಳ ಬಗ್ಗೆ ವೈದ್ಯರನ್ನು ಕೇಳಿಬಿಡಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಮಾಡಿಲ್ಲವೆಂದು ಅದನ್ನು ತಾವಾಗಿಯೇ ನಿಲ್ಲಿಸಬಾರದು, ಏಕೆಂದರೆ ಉಪವಾಸವಿದ್ದರೂ ಜ್ವರ ಸಕ್ಕರೆಯನ್ನು ಏರಿಸಬಲ್ಲದು.

ಎಷ್ಟು ಉಂಡರು ಎನ್ನುವುದಕ್ಕಿಂತ ಎಷ್ಟು ಸಲ ಮೂತ್ರಕ್ಕೆ ಹೋದರು ಎನ್ನುವುದನ್ನು ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದೆ. ಎಂಟು ಗಂಟೆಯಾದರೂ ಮೂತ್ರವಾಗದಿದ್ದರೆ, ಬಂದದ್ದು ಕಾಫಿ ಡಿಕಾಕ್ಷನ್‌ನಂತೆ ಕಪ್ಪಾಗಿದ್ದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ ಮನೆಯಲ್ಲಿ ಕಾಯುವಂತಿಲ್ಲ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಮಾತು ತೊದಲಿದರೆ, ಎಬ್ಬಿಸಿದರೂ ಮಂಪರು ಹರಿಯದಿದ್ದರೆ ರಾತ್ರಿಯಾದರೂ ಆಸ್ಪತ್ರೆಗೆ ಕರೆದೊಯ್ಯಬೇಕು. ಅಮ್ಮನಿಗೆ ಹಸಿವು ಮರಳಿದ್ದು ಹೆಚ್ಚುಕಡಿಮೆ ಒಂದು ವಾರದ ನಂತರ. ಜ್ವರ ಬಿಟ್ಟ ಮೇಲೂ ವಾರಗಟ್ಟಲೆ ಅರ್ಧ ಊಟವೂ ಸೇರದೆ ತೂಕ ಇಳಿಯುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಬಿಟ್ಟ ಜ್ವರ ಕೆಮ್ಮಿನೊಂದಿಗೆ ಮತ್ತೆ ಏರಿದರೆ ಅದು ನ್ಯುಮೋನಿಯಾ ಇರಬಹುದಾದ್ದರಿಂದ ಅಂದೇ ತೋರಿಸಬೇಕು.