ನೀಲಿ ಟಿಕ್ ಮಾರುವವರ ಕೈಯಲ್ಲಿ ಏನಿರುತ್ತದೆ?

ಕಲಾವಿದರ ಇನ್‌ಸ್ಟಾಗ್ರಾಂ ಖಾತೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅವರಲ್ಲಿ ಒಬ್ಬ ಗಾಯಕಿ ಒಮ್ಮೆ ನನಗೊಂದು ಸ್ಕ್ರೀನ್‌ಶಾಟ್ ಕಳಿಸಿದರು. "ಇವರು ಒಂದು ವಾರದಲ್ಲಿ ನೀಲಿ ಟಿಕ್ ಮಾಡಿಸಿಕೊಡ್ತಾರಂತೆ. ಅರ್ಧ ದುಡ್ಡು ಮೊದಲು ಕೊಡಬೇಕಂತೆ. ಕೊಡಲಾ?" ಬೇಡ ಅಂದೆ. ಅವರ ಹೆಸರಲ್ಲಿ ಯಾರೋ ಎರಡು ನಕಲಿ ಖಾತೆ ತೆರೆದಿದ್ದರು, ಹಾಗಾಗಿ ಟಿಕ್ ನಿಜವಾಗಿಯೂ ಬೇಕಾಗಿತ್ತು. ನೇರ ದಾರಿಯಲ್ಲೇ ಮಾಡಿಸಿದೆವು.

ಮೊದಲು, ಆ ಟಿಕ್ ಏನು ಹೇಳುತ್ತದೆ ಅನ್ನುವುದು. ಈ ಖಾತೆ ಯಾರ ಹೆಸರಲ್ಲಿದೆಯೋ ಅವರದೇ ಅಂತ ಹೇಳುತ್ತದೆ, ಅಷ್ಟೇ. ಅವರು ಒಳ್ಳೆಯವರು, ಹೇಳುವುದೆಲ್ಲ ನಿಜ, ಮಾರುವ ಸಾಮಾನು ಚೆನ್ನಾಗಿದೆ ಅಂತ ಅದು ಹೇಳುವುದಿಲ್ಲ. ಗುರುತನ್ನು ನೋಡದೆ ದುಡ್ಡಿಗೆ ಟಿಕ್ ಕೊಟ್ಟರೆ ಏನಾಗುತ್ತದೆ ಅನ್ನುವುದನ್ನು 2022ರ ನವೆಂಬರ್‌ನಲ್ಲಿ ಟ್ವಿಟರ್ ತೋರಿಸಿತು. ಎಲೈ ಲಿಲ್ಲಿ ಎಂಬ ಔಷಧ ಕಂಪನಿಯ ಹೆಸರಲ್ಲಿ ಯಾರೋ ಖಾತೆ ತೆರೆದು, ಟಿಕ್ ಕೊಂಡು, ಇನ್ಸುಲಿನ್ ಇನ್ನು ಮುಂದೆ ಉಚಿತ ಅಂತ ಬರೆದುಬಿಟ್ಟರು. ಅಸಲಿ ಕಂಪನಿ ಕ್ಷಮೆ ಕೇಳಿ, ಅದು ನಕಲಿ ಖಾತೆ ಅಂತ ತಿಳಿಸಬೇಕಾಯಿತು.

ಇನ್‌ಸ್ಟಾಗ್ರಾಂನಲ್ಲಿ ಈಗ ಎರಡು ದಾರಿ ಇವೆ. ಒಂದು ಹಳೆಯದು, ಪುಕ್ಕಟೆ. ಸೆಟ್ಟಿಂಗ್ಸ್ ಒಳಗೆ `Request verification` ಅಂತ ಇರುತ್ತದೆ. ಅಲ್ಲಿ ಗುರುತಿನ ಚೀಟಿ ಕೊಡಬೇಕು. ಜೊತೆಗೆ ನೀವು ಜನಕ್ಕೆ ಗೊತ್ತಿರುವವರು ಅಂತ ತೋರಿಸಬೇಕು, ಅಂದರೆ ಜನ ನಿಮ್ಮ ಹೆಸರು ಹಾಕಿ ಹುಡುಕುತ್ತಿರಬೇಕು, ಪತ್ರಿಕೆಗಳು ನಿಮ್ಮ ಬಗ್ಗೆ ಬರೆದಿರಬೇಕು. ದುಡ್ಡು ಕೊಟ್ಟು ಹಾಕಿಸಿದ ಲೇಖನ ಲೆಕ್ಕಕ್ಕಿಲ್ಲ. ಫಾಲೋವರ್ ಇಷ್ಟೇ ಇರಬೇಕು ಅಂತ ನಿಯಮವೂ ಇಲ್ಲ. ಗಾಯಕಿಯ ಬಗ್ಗೆ ಬಂದಿದ್ದ ಲೇಖನಗಳ ಲಿಂಕ್ ಕೊಟ್ಟು ಅರ್ಜಿ ಹಾಕಿದೆವು. ಆಗಲ್ಲ ಅಂತ ಉತ್ತರ ಬಂತು, ಕಾರಣ ಏನೂ ಹೇಳಲಿಲ್ಲ. ಮತ್ತೆ ಹಾಕಬೇಕಾದರೆ 30 ದಿನ ಕಾಯಬೇಕು.

ಹಾಗಾಗಿ ಎರಡನೆಯ ದಾರಿ ಹಿಡಿದೆವು. ಅದು ಮೆಟಾ ವೆರಿಫೈಡ್. ತಿಂಗಳು ತಿಂಗಳು ಚಂದಾ ಕಟ್ಟಬೇಕು. ಇದನ್ನು ಇನ್‌ಸ್ಟಾಗ್ರಾಂನ ಒಡೆಯ ಕಂಪನಿ ಮೆಟಾ 2023ರಲ್ಲಿ ಶುರುಮಾಡಿತು. ಇಲ್ಲಿ ಹೆಸರುವಾಸಿ ಆಗಿರಬೇಕಿಲ್ಲ. 18 ವರ್ಷ ತುಂಬಿರಬೇಕು, ಮೊದಲಿಂದ ಪೋಸ್ಟ್ ಹಾಕುತ್ತಾ ಬಂದಿರಬೇಕು, ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೇಳುವ ಟೂ ಫ್ಯಾಕ್ಟರ್ ಭದ್ರತೆ ಆನ್ ಇರಬೇಕು, ಪ್ರೊಫೈಲ್ ಫೋಟೋದಲ್ಲಿ ಮುಖ ಕಾಣಬೇಕು. ದುಡ್ಡು ಕಟ್ಟಿದ ಮಾತ್ರಕ್ಕೆ ಟಿಕ್ ಬರಲ್ಲ, ಗುರುತಿನ ಚೀಟಿ ಪಾಸಾಗಲೇಬೇಕು. ಚಂದಾ ನಿಂತರೆ ಟಿಕ್ ಕೂಡ ಹೋಗುತ್ತದೆ.

ನಮಗೆ ಕಷ್ಟ ಆಗಿದ್ದು ಹೆಸರಿನಲ್ಲಿ. ಅವರು ಹಾಡುವುದು ಒಂದು ಹೆಸರಿನಲ್ಲಿ, ಗುರುತಿನ ಚೀಟಿಯಲ್ಲಿರುವುದು ಇನ್ನೊಂದು. ಇನ್‌ಸ್ಟಾಗ್ರಾಂನಲ್ಲಿ ಹೆಸರಿಗೆ ಎರಡು ಜಾಗ ಇದೆ. ಒಂದು ಯೂಸರ್‌ನೇಮ್, ಇನ್ನೊಂದು ಪ್ರೊಫೈಲ್‌ನಲ್ಲಿ ಕಾಣುವ ಹೆಸರು. ಚೀಟಿಗೆ ಹೊಂದಬೇಕಾದ್ದು ಎರಡನೆಯದು. ಯೂಸರ್‌ನೇಮ್‌ನಲ್ಲಿ ಹಾಡುವ ಹೆಸರನ್ನೇ ಉಳಿಸಿಕೊಂಡು, ಪ್ರೊಫೈಲ್ ಹೆಸರನ್ನು ಚೀಟಿಯಲ್ಲಿ ಇದ್ದಂತೆ ಬದಲಾಯಿಸಿದೆವು. ತಂಬೂರಿ ಹಿಡಿದ ಫೋಟೋದಲ್ಲಿ ಮುಖ ಅರ್ಧ ಮರೆಯಾಗಿತ್ತು, ಅದನ್ನೂ ತೆಗೆದೆವು. ಆಮೇಲೇ ಅರ್ಜಿ ಹಾಕಿದ್ದು. ಈ ಕ್ರಮ ಮುಖ್ಯ. ಯಾಕೆಂದರೆ ಟಿಕ್ ಬಂದ ಮೇಲೆ ಹೆಸರು, ಯೂಸರ್‌ನೇಮ್ ಅಥವಾ ಫೋಟೋ ಬದಲಾಯಿಸಬೇಕೆಂದರೆ ಪರಿಶೀಲನೆ ಮತ್ತೆ ಆಗಬೇಕು.

ಟಿಕ್ ಮಾರುವವರ ಮಾತು ಯಾಕೆ ಸುಳ್ಳು ಅನ್ನುವುದಕ್ಕೆ ಈ ನಿಯಮವೇ ಸಾಕು. ಕೆಲವರು "ಟಿಕ್ ಇರುವ ಖಾತೆಯನ್ನೇ ಮಾರ್ತೀವಿ, ಹೆಸರು ಬದಲಾಯಿಸಿಕೊಳ್ಳಿ" ಅನ್ನುತ್ತಾರೆ. ಟಿಕ್ ಅಂಟಿಕೊಂಡಿರುವುದು ಹಳೆಯ ಹೆಸರಿಗೆ, ಆ ಮನುಷ್ಯನ ಚೀಟಿಗೆ. ಹೆಸರು ಬದಲಾಯಿಸಲು ಹೊರಟರೆ ನಿಮ್ಮನ್ನು ಮತ್ತೆ ಚೀಟಿ ಕೇಳುತ್ತದೆ. ಅಷ್ಟೇ ಅಲ್ಲ, ಆ ಖಾತೆಯನ್ನು ಬೇರೆ ಯಾರಿಂದಲೋ ಕದ್ದಿರುವ ಸಾಧ್ಯತೆಯೇ ಜಾಸ್ತಿ.

ಇನ್ನು ಕೆಲವರು ಸುಳ್ಳು ಖ್ಯಾತಿ ಕಟ್ಟಿಕೊಡುತ್ತಾರೆ. 2022ರಲ್ಲಿ ಪ್ರೊಪಬ್ಲಿಕಾ ಎಂಬ ಅಮೆರಿಕದ ಸುದ್ದಿ ಸಂಸ್ಥೆ ಇಂಥ ಒಂದು ದಂಧೆಯನ್ನು ಬಯಲು ಮಾಡಿತು. ಹಾಡಿಗೂ ತಮಗೂ ಸಂಬಂಧವೇ ಇಲ್ಲದ ವ್ಯಾಪಾರಿಗಳನ್ನು ಸಂಗೀತಗಾರರು ಅಂತ ತೋರಿಸಿದ್ದರು. ಅವರ ಹೆಸರಲ್ಲಿ ಸುಮ್ನೆ ಒಂದಷ್ಟು ಟ್ರ್ಯಾಕ್ ಏರಿಸಿ, ದುಡ್ಡು ಕೊಟ್ಟು ಲೇಖನ ಬರೆಸಿ, ಟಿಕ್ ಕೊಡಿಸಿದ್ದರು. ವಿಷಯ ಹೊರಬಿದ್ದ ಮೇಲೆ ಮೆಟಾ 300ಕ್ಕೂ ಹೆಚ್ಚು ಖಾತೆಗಳ ಟಿಕ್ ಕಿತ್ತುಹಾಕಿತು. ಕೊಟ್ಟ ದುಡ್ಡು ಹೋದಂತೆಯೇ ಅಲ್ವಾ?

ಗಾಯಕಿಗೆ ಬಂದಿದ್ದು ಮೂರನೆಯ ಬಗೆ. ಇವರಿಗೆ ಮುಂಗಡಕ್ಕಿಂತ ನಿಮ್ಮ ಖಾತೆಯೇ ಬೇಕು. ಮೆಸೇಜ್ ಕಳಿಸಿದ ಖಾತೆಯ ಹೆಸರಿನಲ್ಲಿ "ವೆರಿಫೈಡ್ ಟೀಮ್" ಅಂತ ಇತ್ತು. ಫೋಟೋದಲ್ಲೇ ಒಂದು ನೀಲಿ ಟಿಕ್ ಬರೆದಿದ್ದರು. ಅಸಲಿ ಟಿಕ್ ಯೂಸರ್‌ನೇಮ್ ಪಕ್ಕದಲ್ಲಿ ಬರುತ್ತದೆ, ಫೋಟೋದ ಒಳಗಲ್ಲ. ಪ್ರೊಫೈಲ್‌ನಲ್ಲಿ `About this account` ತೆರೆದು ನೋಡಿದೆ. ಖಾತೆ ಬೇರೆ ಬೇರೆ ಹೆಸರಲ್ಲಿ ಓಡಾಡಿ ಬಂದಿತ್ತು.

ಅವರು ಕೊಟ್ಟ ಲಿಂಕ್ ಇನ್‌ಸ್ಟಾಗ್ರಾಂ ಆ್ಯಪ್‌ನ ಒಳಗಿನ ಪುಟಕ್ಕೆ ಹೋಗುತ್ತಿರಲಿಲ್ಲ, ಹೊರಗಿನ ಒಂದು ಫಾರ್ಮ್‌ಗೆ ಹೋಗುತ್ತಿತ್ತು. ಅದರಲ್ಲಿ ಯೂಸರ್‌ನೇಮ್, ಇಮೇಲ್, ಪಾಸ್‌ವರ್ಡ್ ಕೇಳಿದ್ದರು. ಕೊನೆಯಲ್ಲಿ ಬ್ಯಾಕಪ್ ಕೋಡ್ ಕೂಡ ಹಾಕಿ ಅಂತಿತ್ತು. ನಾನು ಏನೂ ತುಂಬಲಿಲ್ಲ, ಆದರೆ ಆ ಕೊನೆಯ ಸಾಲು ನೋಡಿದಾಗ ಎಲ್ಲ ಗೊತ್ತಾಯಿತು. ಟೂ ಫ್ಯಾಕ್ಟರ್ ಆನ್ ಮಾಡಿದಾಗ ಇನ್‌ಸ್ಟಾಗ್ರಾಂ 8 ಅಂಕಿಯ ಕೆಲವು ಕೋಡ್ ಕೊಡುತ್ತದೆ. ಫೋನ್ ಕಳೆದುಹೋದರೆ ಒಳಗೆ ಬರಲು ಅದು. ಪಾಸ್‌ವರ್ಡ್ ಜೊತೆ ಅದರಲ್ಲಿ ಒಂದು ಸಿಕ್ಕರೂ, ನಿಮ್ಮ ಫೋನಿಗೆ ಬರುವ ಎಸ್‌ಎಂಎಸ್ ಕೋಡ್ ಅವರಿಗೆ ಬೇಕಾಗುವುದೇ ಇಲ್ಲ. ಬ್ಯಾಡ್ಜ್, ಅಂದರೆ ಈ ಟಿಕ್, ಕೊಡುವುದಕ್ಕೆ ಇನ್‌ಸ್ಟಾಗ್ರಾಂಗೆ ನಿಮ್ಮ ಬ್ಯಾಕಪ್ ಕೋಡ್ ಯಾತಕ್ಕೆ ಬೇಕು?

ಯಾರಾದರೂ ಇಂಥ ಫಾರ್ಮ್ ತುಂಬಿಬಿಟ್ಟಿದ್ದರೆ ಪಾಸ್‌ವರ್ಡ್ ಬದಲಾಯಿಸಿ ಸುಮ್ಮನಾಗಬಾರದು. ಟೂ ಫ್ಯಾಕ್ಟರ್ ಪುಟಕ್ಕೆ ಹೋಗಿ ಹೊಸ ಬ್ಯಾಕಪ್ ಕೋಡ್ ತೆಗೆದುಕೊಳ್ಳಬೇಕು. ಆಗ ಹಳೆಯವು ಕೆಲಸ ಮಾಡುವುದಿಲ್ಲ. ಎಲ್ಲೆಲ್ಲಿ ಲಾಗಿನ್ ಆಗಿದೆ ಅನ್ನುವ ಪಟ್ಟಿಯಲ್ಲಿ ಗೊತ್ತಿಲ್ಲದ ಸಾಧನಗಳನ್ನು ಹೊರಗೆ ಹಾಕಬೇಕು. ಖಾತೆಗೆ ಸೇರಿಸಿರುವ ಇಮೇಲ್, ಫೋನ್ ನಂಬರ್ ನಿಮ್ಮವೇ ಇವೆಯಾ ಅಂತಲೂ ನೋಡಬೇಕು.

ಗಾಯಕಿಗೆ ಟಿಕ್ ಬಂತು. ಬಂದ ಮೇಲೆ ಇಂಥ ಮೆಸೇಜ್ ನಿಲ್ಲುತ್ತವೆ ಅಂತ ಅವರು ಅಂದುಕೊಂಡಿದ್ದರು. ಜಾಸ್ತಿಯೇ ಆದವು, ಮಾತು ಮಾತ್ರ ಬೇರೆ: "ನಿಮ್ಮ ಬ್ಯಾಡ್ಜ್ ತೆಗೆಯಲಾಗುತ್ತದೆ, 24 ಗಂಟೆಯೊಳಗೆ ದೃಢಪಡಿಸಿ." ಇಂಥದ್ದು ಇಮೇಲ್‌ನಲ್ಲಿ ಬಂದಾಗ ನಾವು ಆ ಇಮೇಲನ್ನು ಪಕ್ಕಕ್ಕಿಟ್ಟು ಆ್ಯಪ್ ತೆರೆಯುತ್ತೇವೆ. `Password and security` ಒಳಗೆ `Recent emails` ಇದೆ. ಇನ್‌ಸ್ಟಾಗ್ರಾಂ ಇತ್ತೀಚೆಗೆ ನಿಜವಾಗಿ ಕಳಿಸಿದ ಇಮೇಲ್‌ಗಳು ಅಲ್ಲಿ ಕಾಣುತ್ತವೆ. ಅವರಿಗೆ ಬಂದಿದ್ದ ಬೆದರಿಕೆ ಆ ಪಟ್ಟಿಯಲ್ಲಿ ಇರಲಿಲ್ಲ, ಸ್ಪ್ಯಾಮ್‌ಗೆ ಹಾಕಿದೆವು. ಖಾತೆಯ ವಿಷಯ ಮಾತಾಡಲು ಇನ್‌ಸ್ಟಾಗ್ರಾಂ ಆ್ಯಪ್‌ನೊಳಗಿನ ಮೆಸೇಜ್, ಅಂದರೆ ಡಿಎಂ ಕಳಿಸುವುದಿಲ್ಲ, ಹಾಗಾಗಿ ಡಿಎಂನಲ್ಲಿ ಬಂದವನ್ನು ಗಾಯಕಿ ಈಗ ನನ್ನನ್ನು ಕೇಳದೆ ತಾವೇ ರಿಪೋರ್ಟ್ ಮಾಡುತ್ತಾರೆ.